ಕಣ್ಣು ಕಳೆಯುವುದು ರೆಪ್ಪೆಗೂದಲು: ಟ್ರಕೋಮಾ ಹೋದ ಮೇಲೂ ಉಳಿಯುವ ಕೆಲಸ

ಕಣ್ಣಿಗೆ ಒಂದು ಸಣ್ಣ ಕೂದಲು ಬಿದ್ದರೆ ಎಷ್ಟು ಹಿಂಸೆ ಅಂತ ಎಲ್ಲರಿಗೂ ಗೊತ್ತು. ಉಜ್ಜುತ್ತೇವೆ, ನೀರು ಹಾಕುತ್ತೇವೆ, ಅದು ಹೊರಗೆ ಬರುವ ತನಕ ಬೇರೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುವುದಿಲ್ಲ. ಈಗ ಆ ಕೂದಲು ಹೊರಗೆ ಬರುವುದೇ ಇಲ್ಲ ಅಂದುಕೊಳ್ಳಿ. ಅದರ ಬುಡ ರೆಪ್ಪೆಯಲ್ಲೇ ಇದೆ. ರೆಪ್ಪೆಯ ಅಂಚು ಒಳಕ್ಕೆ ತಿರುಗಿಕೊಂಡಿದೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗಲೂ ಕೂದಲಿನ ತುದಿ ಕಣ್ಣುಗುಡ್ಡೆಯನ್ನು ಗೀರುತ್ತದೆ. ನಿಮಿಷಕ್ಕೆ 15 ಸಲ ಮಿಟುಕಿಸಿದರೆ, ದಿನಕ್ಕೆ 16 ಗಂಟೆ ಎಚ್ಚರವಿದ್ದರೆ, ಒಟ್ಟು 14,400 ಗೀರು. ಒಂದು ದಿನಕ್ಕೆ.

ಟ್ರಕೋಮಾದಿಂದ ಕಣ್ಣು ಹೋಗುವುದು ಹೀಗೆ. ಇದು ಬ್ಯಾಕ್ಟೀರಿಯಾದಿಂದ ಬರುವ ರೋಗ, ಆದರೆ ದೃಷ್ಟಿಯನ್ನು ಕೊನೆಗೆ ಕಿತ್ತುಕೊಳ್ಳುವುದು ಬ್ಯಾಕ್ಟೀರಿಯಾ ಅಲ್ಲ. ಸೋಂಕು ಬಂದದ್ದು ಮೂರನೇ ವಯಸ್ಸಿನಲ್ಲಿ, ಕಣ್ಣು ಹೋದದ್ದು ನಲವತ್ತೈದರಲ್ಲಿ ಅನ್ನುವಂಥ ಕತೆ ಇಲ್ಲಿ ಮಾಮೂಲಿ. ನಡುವಿನ ಈ ನಲವತ್ತು ವರ್ಷವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದಿದ್ದರೆ ಟ್ರಕೋಮಾ ನಿಯಂತ್ರಣದ ಲೆಕ್ಕಾಚಾರ ಯಾವುದೂ ಅರ್ಥವಾಗುವುದಿಲ್ಲ.

ಈಗ ಈ ಮಾತು ಎತ್ತಲು ಕಾರಣವಿದೆ. ಒಂದರ ಹಿಂದೆ ಒಂದು ದೇಶ ಟ್ರಕೋಮಾದಿಂದ ಮುಕ್ತವಾಯಿತು ಎಂಬ ಸುದ್ದಿ ಬರುತ್ತಿದೆ. 2012ರಲ್ಲಿ ಒಮಾನ್, 2016ರಲ್ಲಿ ಮೊರಾಕೊ, 2018ರಲ್ಲಿ ಘಾನಾ ಮತ್ತು ನೇಪಾಳ, 2024ರ ಅಕ್ಟೋಬರಿನಲ್ಲಿ ಭಾರತ. 2002ರಲ್ಲಿ ಟ್ರಕೋಮಾದ ಅಪಾಯವಿರುವ ಜಾಗಗಳಲ್ಲಿ ಸುಮಾರು 150 ಕೋಟಿ ಜನ ಬದುಕುತ್ತಿದ್ದರು. 2024ರ ಹೊತ್ತಿಗೆ ಆ ಸಂಖ್ಯೆ 10 ಕೋಟಿಯ ಆಸುಪಾಸಿಗೆ ಇಳಿಯಿತು. ಇದು ನಿಜವಾಗಿಯೂ ದೊಡ್ಡ ಸಾಧನೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಬಳಸುವ ಮಾತು "ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ನಿವಾರಣೆ". ರೋಗ ಪೂರ್ತಿ ಇಲ್ಲವಾಯಿತು ಅಂತ ಅದರ ಅರ್ಥವಲ್ಲ. ಈ ಎರಡರ ನಡುವಿನ ಅಂತರದಲ್ಲಿ ಇನ್ನೂ ಜನ ಇದ್ದಾರೆ. ಅವರ ರೆಪ್ಪೆಗೂದಲು ಇವತ್ತೂ ಗೀರುತ್ತಿದೆ.

ಮಗುವಿನ ಕಣ್ಣಲ್ಲಿ ಏನಾಗುತ್ತದೆ

ರೋಗಾಣುವಿನ ಹೆಸರು ಕ್ಲಮೈಡಿಯ ಟ್ರಕೋಮಾಟಿಸ್. ಇದರಲ್ಲಿ ಹಲವು ತಳಿಗಳಿವೆ. ಕೆಲವು ಲೈಂಗಿಕ ಸಂಪರ್ಕದಿಂದ ಹರಡುತ್ತವೆ. ಟ್ರಕೋಮಾ ತರುವ ತಳಿಗಳು ಬೇರೆ, ಅವು ಕಣ್ಣಿನಿಂದ ಕಣ್ಣಿಗೆ ಹೋಗುತ್ತವೆ. ಈ ಬ್ಯಾಕ್ಟೀರಿಯಾ ಜೀವಕೋಶದ ಒಳಗೆ ಹೊಕ್ಕು ಅಲ್ಲೇ ಬೆಳೆಯಬೇಕು, ಹೊರಗೆ ತಾನಾಗಿ ಬೆಳೆಯಲಾರದು. ಹಾಗಾಗಿ ಇದನ್ನು ಪ್ರಯೋಗಾಲಯದಲ್ಲಿ ಹಿಡಿಯುವುದೇ ಬಹಳ ಕಾಲ ಸಾಧ್ಯವಾಗಲಿಲ್ಲ. 1950ರ ದಶಕದಲ್ಲಿ ಚೀನಾದ ತಾಂಗ್ ಫೇಫಾನ್ ಕೋಳಿಮೊಟ್ಟೆಯಲ್ಲಿ ಬೆಳೆಸಿ ಇದನ್ನು ಬೇರ್ಪಡಿಸಿದರು. ಟ್ರಕೋಮಾ ಬರುವುದು ಇದರಿಂದಲೇ ಅಂತ ತೋರಿಸಲು ತಮ್ಮದೇ ಒಂದು ಕಣ್ಣಿಗೆ ಅದನ್ನು ಹಾಕಿಸಿಕೊಂಡರು.

ಸೋಂಕಿನ ದೊಡ್ಡ ಗೂಡು ಅಂದರೆ ಇನ್ನೂ ಶಾಲೆಗೆ ಹೋಗದ ಪುಟ್ಟ ಮಕ್ಕಳು. ಅವರ ಕಣ್ಣಿನ ಗೀಜಿನಲ್ಲಿ, ಮೂಗಿನ ಸಿಂಬಳದಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ಅಲ್ಲಿಂದ ಅದು ಬೆರಳಿಗೆ, ಸೆರಗಿಗೆ, ಎಲ್ಲರೂ ಮುಖ ಒರೆಸಿಕೊಳ್ಳುವ ಒಂದೇ ಬಟ್ಟೆಗೆ, ಒಟ್ಟಿಗೆ ಮಲಗುವ ಹಾಸಿಗೆಗೆ ಅಂಟುತ್ತದೆ. ಜೊತೆಗೆ ನೊಣ. ಯಾವ ನೊಣವಾದರೂ ಅಲ್ಲ. ಮಸ್ಕಾ ಸಾರ್ಬೆನ್ಸ್ ಅನ್ನುವ ಒಂದು ಜಾತಿಗೆ ಕಣ್ಣಿನ ಗೀಜು ಅಂದರೆ ಇಷ್ಟ. ಅದು ಮಗುವಿನ ಕಣ್ಣಿನ ಮೂಲೆಯಲ್ಲಿ ಕೂತು ನೆಕ್ಕಿ, ಪಕ್ಕದ ಮಗುವಿನ ಕಣ್ಣಿಗೆ ಹಾರುತ್ತದೆ.

ಸೋಂಕು ತಗುಲಿದ ಮಗುವಿಗೆ ಕಣ್ಣು ಸ್ವಲ್ಪ ಕೆಂಪಾಗಬಹುದು, ಗೀಜು ಬರಬಹುದು, ತುರಿಕೆ ಇರಬಹುದು. ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಅಮ್ಮನಿಗೂ ಅದು ಕಾಯಿಲೆ ಅನ್ನಿಸುವುದಿಲ್ಲ. ಊರಿನ ಎಲ್ಲ ಮಕ್ಕಳ ಕಣ್ಣೂ ಹಾಗೇ ಇದ್ದರೆ ಯಾರಿಗೆ ತಾನೇ ಅನ್ನಿಸುತ್ತದೆ?

ನೋಡಬೇಕಾದ ಜಾಗ ರೆಪ್ಪೆಯ ಹಿಂಬದಿ. ಪರೀಕ್ಷೆ ಮಾಡುವವರು ಮಗುವಿಗೆ ಕೆಳಗೆ ನೋಡಲು ಹೇಳುತ್ತಾರೆ. ಮೇಲಿನ ರೆಪ್ಪೆಯ ಕೂದಲನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ರೆಪ್ಪೆಯನ್ನು ಮಗುಚುತ್ತಾರೆ. ಕಣ್ಣಿಗೆ ಕಟ್ಟಿಕೊಂಡ ಎರಡೂವರೆ ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ಒಳಗಿನ ತೆಳು ಪೊರೆ ನೋಡುತ್ತಾರೆ. ಆರೋಗ್ಯವಂತ ಕಣ್ಣಲ್ಲಿ ಅದು ನಯವಾಗಿ, ತಿಳಿ ಗುಲಾಬಿಯಾಗಿರುತ್ತದೆ, ರಕ್ತನಾಳಗಳು ಉದ್ದಕ್ಕೆ ಸಣ್ಣ ಗೆರೆಗಳ ಹಾಗೆ ಸ್ಪಷ್ಟವಾಗಿ ಕಾಣುತ್ತವೆ. ಟ್ರಕೋಮಾ ಇದ್ದರೆ ಅಲ್ಲಿ ಬಿಳಿಚಿದ ದುಂಡು ಗುಳ್ಳೆಗಳು. ಕನಿಷ್ಠ ಅರ್ಧ ಮಿಲಿಮೀಟರ್ ಅಗಲದ ಗುಳ್ಳೆಗಳು ಮಧ್ಯಭಾಗದಲ್ಲಿ ಐದು ಅಥವಾ ಹೆಚ್ಚು ಇದ್ದರೆ "ಸಕ್ರಿಯ ಟ್ರಕೋಮಾ" ಅಂತ ಬರೆದುಕೊಳ್ಳುತ್ತಾರೆ. ನಾಲ್ಕಿದ್ದರೆ ಇಲ್ಲ. ಗುಳ್ಳೆ ಚಿಕ್ಕದಿದ್ದರೂ ಇಲ್ಲ. ಈ ಎಣಿಕೆಯಲ್ಲಿ ತಪ್ಪಾದರೆ ಇಡೀ ಜಿಲ್ಲೆಗೆ ಔಷಧಿ ಕೊಡಬೇಕೋ ಬೇಡವೋ ಅನ್ನುವ ತೀರ್ಮಾನವೇ ತಪ್ಪುತ್ತದೆ. ಅದಕ್ಕೇ ಎಣಿಸುವವರಿಗೆ ಮೊದಲು ಫೋಟೋಗಳ ಮೇಲೆ, ಆಮೇಲೆ ನಿಜವಾದ ಮಕ್ಕಳ ಕಣ್ಣಿನ ಮೇಲೆ ಪರೀಕ್ಷೆ ಇಟ್ಟು, ಪಾಸಾದವರನ್ನು ಮಾತ್ರ ಸಮೀಕ್ಷೆಗೆ ಕಳಿಸುತ್ತಾರೆ.

ಒಂದು ಸಲ ಬಂದರೆ ಏನೂ ಆಗುವುದಿಲ್ಲ

ಟ್ರಕೋಮಾ ಒಮ್ಮೆ ಬಂದು ಹೋದರೆ ಕಣ್ಣಿಗೆ ಹೆಚ್ಚೇನೂ ತೊಂದರೆ ಇಲ್ಲ. ಎರಡು ಸಲ, ಐದು ಸಲ ಬಂದರೂ ಬಹುಪಾಲು ಮಕ್ಕಳು ಪಾರಾಗುತ್ತಾರೆ. ರೆಪ್ಪೆ ತಿರುಗುವ ಮಟ್ಟಕ್ಕೆ ಕಲೆಗಟ್ಟಬೇಕಾದರೆ ಜೀವಮಾನದಲ್ಲಿ ನೂರಕ್ಕೂ ಹೆಚ್ಚು ಸಲ ಸೋಂಕು ತಗುಲಬೇಕು ಅನ್ನುವುದು ಗಣಿತದ ಮಾದರಿಗಳ ಅಂದಾಜು. ಒಂದು ಊರಲ್ಲಿ ಮಗುವಿಗೆ ಸೋಂಕು ಹೋಗಿ ಬಂದು, ಹೋಗಿ ಬಂದು ಮಾಡುವಂತಿದ್ದರೆ ಮಾತ್ರ ಇದು ಸಾಧ್ಯ. ಹಾಗಾಗಿ ಟ್ರಕೋಮಾದ ಕುರುಡುತನವನ್ನು ಒಬ್ಬ ವ್ಯಕ್ತಿಯ ಕಾಯಿಲೆ ಅನ್ನುವುದಕ್ಕಿಂತ ಒಂದು ಊರಿನ ಕಾಯಿಲೆ ಅನ್ನುವುದೇ ಸರಿ.

ಯಾಕೆ ಮತ್ತೆ ಮತ್ತೆ ಬರುತ್ತದೆ? ದೇಹ ಈ ಬ್ಯಾಕ್ಟೀರಿಯಾವನ್ನು ಓಡಿಸುತ್ತದೆ, ಆದರೆ ಅದರಿಂದ ಸಿಗುವ ರಕ್ಷಣೆ ಅಲ್ಪಕಾಲದ್ದು, ಅರೆಬರೆಯದು. ಓಡಿಸುವ ಆ ಜಗಳದಲ್ಲೇ ರೆಪ್ಪೆಯ ಒಳಪದರ ಊದಿಕೊಳ್ಳುತ್ತದೆ. ಊದಿಕೊಂಡದ್ದು ವಾಸಿಯಾಗುವಾಗ ಗಾಯದ ಕಲೆ ಬಿಡುತ್ತದೆ. ಸುಟ್ಟ ಚರ್ಮ ಮಾಯ್ದಾಗ ಬಿಗಿದುಕೊಳ್ಳುವುದನ್ನು ನೋಡಿರುತ್ತೀರಿ, ಅಲ್ವಾ? ರೆಪ್ಪೆಯೊಳಗೂ ಅದೇ. ಮೊದಲು ಸಣ್ಣ ಬಿಳಿ ನೂಲಿನಂಥ ಗೆರೆಗಳು. ಮುಂದೆ ಅವು ಸೇರಿ ಅಡ್ಡಕ್ಕೆ ಒಂದು ಬಿಳಿ ಪಟ್ಟಿಯಾಗುತ್ತವೆ. ಮೇಲಿನ ರೆಪ್ಪೆಗೆ ಗಟ್ಟಿತನ ಕೊಡುವ ಹಾಳೆಯಂಥ ಪದರ ಒಂದಿದೆ. ಈ ಪಟ್ಟಿ ಬಿಗಿದಂತೆಲ್ಲ ಆ ಹಾಳೆ ಒಳಮುಖಕ್ಕೆ ಬಾಗುತ್ತದೆ. ಅಂಚು ತಿರುಗುತ್ತದೆ. ಹೊರಗೆ ನೋಡುತ್ತಿದ್ದ ಕೂದಲು ಒಳಗೆ ನೋಡತೊಡಗುತ್ತದೆ.

ಇನ್ನೊಂದು ನಷ್ಟವೂ ಇದೆ. ಕಣ್ಣನ್ನು ತೇವವಾಗಿಡುವ ಲೋಳೆ ಸ್ರವಿಸುವ ಕೋಶಗಳು ಕಲೆಗಟ್ಟಿದ ಜಾಗದಲ್ಲಿ ನಾಶವಾಗುತ್ತವೆ. ಕಣ್ಣು ಒಣಗುತ್ತದೆ. ಒಣಗಿದ ಕಣ್ಣಿನ ಮೇಲೆ ಕೂದಲು ಗೀರಿದರೆ ಗಾಯ ಇನ್ನೂ ಆಳ. ಆ ಗಾಯಕ್ಕೆ ಬೇರೆ ಬ್ಯಾಕ್ಟೀರಿಯಾ, ಶಿಲೀಂಧ್ರ ಸೇರುತ್ತವೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಬೆಳ್ಳಗಾಗುತ್ತದೆ. ಹಳಬರು "ಕಣ್ಣಿಗೆ ಹೂ ಬಿತ್ತು" ಅನ್ನುತ್ತಿದ್ದರಲ್ಲ, ಅಂಥದ್ದು. ಇದು ವಯಸ್ಸಾದವರಿಗೆ ಬರುವ ಪೊರೆ ಅಲ್ಲ. ಪೊರೆ ತೆಗೆದು ಮಸೂರ ಹಾಕಿದರೆ ದೃಷ್ಟಿ ಮರಳುತ್ತದೆ. ಈ ಬಿಳಿ ಕಲೆ ಒಮ್ಮೆ ಕೂತರೆ ಹೋಗುವುದಿಲ್ಲ. ಕಾರ್ನಿಯಾ ಕಸಿ ಮಾಡಿದರೂ ಒಣಗಿದ ಕಣ್ಣು, ತಿರುಗಿದ ರೆಪ್ಪೆಯ ನಡುವೆ ಹೊಸ ಕಾರ್ನಿಯಾ ಉಳಿಯುವುದು ಕಷ್ಟ.

ಒಮ್ಮೆ ಕಲೆ ಬಲವಾಗಿ ಕಟ್ಟಿದ ಮೇಲೆ, ಸೋಂಕು ನಿಂತರೂ ಬಿಗಿತ ಮುಂದುವರಿಯಬಹುದು. ಊರಿನ ಮಕ್ಕಳ ಕಣ್ಣಲ್ಲಿ ಬ್ಯಾಕ್ಟೀರಿಯಾ ಸಿಗದೇ ಎಷ್ಟೋ ವರ್ಷವಾಗಿದ್ದರೂ, ಅದೇ ಊರಿನ ಐವತ್ತರ ಹೆಂಗಸಿಗೆ ಈ ವರ್ಷ ಹೊಸದಾಗಿ ಕೂದಲು ಒಳಗೆ ತಿರುಗಬಹುದು. ಅವಳ ಬಾಲ್ಯದ ಸೋಂಕುಗಳ ಲೆಕ್ಕ ಈಗ ಚುಕ್ತಾ ಆಗುತ್ತಿದೆ.

"ಹೆಂಗಸು" ಅಂತ ಸುಮ್ನೆ ಬರೆದಿಲ್ಲ. ಟ್ರಕೋಮಾದಿಂದ ಕಣ್ಣು ಕಳೆದುಕೊಳ್ಳುವವರಲ್ಲಿ ಹೆಂಗಸರ ಪ್ರಮಾಣ ಗಂಡಸರ ನಾಲ್ಕು ಪಟ್ಟಿನ ತನಕ ಇರುತ್ತದೆ. ಹುಡುಗಿಯಾಗಿದ್ದಾಗ ತಮ್ಮ ತಂಗಿಯರನ್ನು ಎತ್ತಿಕೊಂಡವಳು ಅವಳೇ. ಆಮೇಲೆ ತನ್ನ ಮಕ್ಕಳು. ಆಮೇಲೆ ಮೊಮ್ಮಕ್ಕಳು. ಗಂಡಸು ಬಾಲ್ಯ ದಾಟಿದ ಮೇಲೆ ಮಕ್ಕಳ ಗೀಜಿನಿಂದ ದೂರ ಹೋಗುತ್ತಾನೆ. ಅವಳು ಹೋಗುವುದಿಲ್ಲ. ಮಕ್ಕಳ ಮುಖ ಒರೆಸಿದ ಸೆರಗಿನಲ್ಲೇ ತನ್ನ ಮುಖವನ್ನೂ ಒರೆಸಿಕೊಳ್ಳುತ್ತಾಳೆ.

ಊರಿಗೆಲ್ಲ ಒಂದು ಗುಳಿಗೆ

ಟ್ರಕೋಮಾ ತಡೆಯುವ ಕಾರ್ಯಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ "ಸೇಫ್" ಅಂತ ಕರೆಯುತ್ತದೆ. ನಾಲ್ಕು ಇಂಗ್ಲಿಷ್ ಅಕ್ಷರ, ನಾಲ್ಕು ಕೆಲಸ: ತಿರುಗಿದ ರೆಪ್ಪೆಗೆ ಸರ್ಜರಿ, ಸೋಂಕಿಗೆ ಆಂಟಿಬಯೋಟಿಕ್, ಮಕ್ಕಳ ಮುಖದ ಸ್ವಚ್ಛತೆ, ನೀರು ಮತ್ತು ಶೌಚಾಲಯ. ಇದರಲ್ಲಿ ಎಲ್ಲರಿಗೂ ಗೊತ್ತಿರುವುದು ಆಂಟಿಬಯೋಟಿಕ್ ಭಾಗ. ಅಜಿತ್ರೊಮೈಸಿನ್ ಗುಳಿಗೆಯನ್ನು ತಯಾರಕ ಕಂಪನಿ ಫೈಜರ್ 1990ರ ದಶಕದ ಕೊನೆಯಿಂದ ಇದಕ್ಕಾಗಿ ದಾನ ಕೊಡುತ್ತಾ ಬಂದಿದೆ.

ಪ್ರಮಾಣ ಕಿಲೋಗೆ 20 ಮಿಲಿಗ್ರಾಂ, ಒಂದೇ ಸಲ, ದೊಡ್ಡವರಿಗೆ 1 ಗ್ರಾಂ ಮೀರದಂತೆ. ಆದರೆ ಬಯಲಲ್ಲಿ ನೂರಾರು ಜನರನ್ನು ತೂಕ ಮಾಡುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ ಒಂದು ಉದ್ದ ಕೋಲು. ಅದರ ಮೇಲೆ ಎತ್ತರಕ್ಕೆ ತಕ್ಕಂತೆ ಗುರುತು. ಮಗುವನ್ನು ಕೋಲಿನ ಪಕ್ಕ ನಿಲ್ಲಿಸಿ, ತಲೆ ಯಾವ ಗೆರೆಗೆ ಬರುತ್ತದೋ ನೋಡಿ ಅಷ್ಟು ಔಷಧಿ. ಚಿಕ್ಕ ಮಕ್ಕಳಿಗೆ ಗುಳಿಗೆ ಕೊಡಬಾರದು, ಸಿರಪ್ ಕೊಡಬೇಕು. ಅಳುವ ಮಗುವಿನ ಮೂಗು ಹಿಡಿದು ಬಾಯಿಗೆ ಸುರಿಯಬಾರದು, ಗಂಟಲಲ್ಲಿ ಸಿಕ್ಕಿಕೊಂಡು ಪ್ರಾಣಕ್ಕೇ ಅಪಾಯ. ಆರು ತಿಂಗಳೊಳಗಿನ ಕೂಸಿಗೆ ಟೆಟ್ರಾಸೈಕ್ಲಿನ್ ಕಣ್ಣಿನ ಮುಲಾಮು, ದಿನಕ್ಕೆ ಎರಡು ಸಲ, ಆರು ವಾರ.

ಆರೋಗ್ಯವಾಗಿ ಕಾಣುವವರಿಗೂ ಯಾಕೆ ಕೊಡುತ್ತಾರೆ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಒಂದು ಲೆಕ್ಕ ಹಾಕಿ ನೋಡೋಣ. ಸಾವಿರ ಜನರ ಊರು. ಅಲ್ಲಿ 200 ಜನರ ಕಣ್ಣಲ್ಲಿ ಬ್ಯಾಕ್ಟೀರಿಯಾ ಇದೆ ಅಂದುಕೊಳ್ಳಿ. ಅವರಲ್ಲಿ ಎಲ್ಲರಿಗೂ ಗುಳ್ಳೆ ಇರುವುದಿಲ್ಲ. ಸೋಂಕು ಈಗಷ್ಟೇ ಬಂದಿದ್ದರೆ ಗುಳ್ಳೆ ಇನ್ನೂ ಎದ್ದಿಲ್ಲ. ಇನ್ನೊಂದು ಕಡೆ, ಸೋಂಕು ಹೋಗಿ ತಿಂಗಳುಗಳಾದರೂ ಗುಳ್ಳೆ ಉಳಿದಿರುವ ಮಕ್ಕಳಿದ್ದಾರೆ. ಕಣ್ಣು ನೋಡಿ ಆರಿಸಿ ಔಷಧಿ ಕೊಟ್ಟರೆ ಕೊಡಬೇಕಾದ ಎಷ್ಟೋ ಜನ ತಪ್ಪಿಹೋಗುತ್ತಾರೆ. ಅದಕ್ಕೇ ಇಡೀ ಊರಿಗೆ.

ಕಾರ್ಯಕ್ರಮದ ಗುರಿಯಂತೆ ನೂರಕ್ಕೆ 80 ಜನ ಗುಳಿಗೆ ನುಂಗಿದರು, ನುಂಗಿದವರಲ್ಲಿ ನೂರಕ್ಕೆ 95 ಜನರ ಸೋಂಕು ಹೋಯಿತು ಅನ್ನೋಣ. 200ರಲ್ಲಿ 160 ಜನ ನುಂಗಿದರು, 152 ಜನರ ಸೋಂಕು ಹೋಯಿತು. 48 ಜನರಲ್ಲಿ ಉಳಿಯಿತು. ಒಂದೇ ದಿನದಲ್ಲಿ 200ರಿಂದ 48ಕ್ಕೆ ಇಳಿಯುವುದು ಅಂದರೆ ಅದ್ಭುತವೇ. ಆದರೆ ಆ 48 ಜನ ಯಾರು? ಅವತ್ತು ದನ ಕಾಯಲು ಹೋಗಿದ್ದ ಹುಡುಗ. ಔಷಧಿ ಬೇಡ ಅಂತ ಬಾಗಿಲು ಹಾಕಿಕೊಂಡ ಮನೆ. ಬಾಯಿಗೆ ಹಾಕಿದ ಸಿರಪ್ಪನ್ನು ಉಗುಳಿದ ಎರಡು ವರ್ಷದ ಮಗು. ಅದರಲ್ಲೂ ಔಷಧಿ ತಪ್ಪಿಸಿಕೊಂಡವರು ಒಂದೇ ಮನೆಯಲ್ಲಿ ಗುಂಪಾಗಿದ್ದರೆ ಅಲ್ಲಿಂದ ಮತ್ತೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಹಲವು ಸುತ್ತು. 1ರಿಂದ 9 ವರ್ಷದ ಮಕ್ಕಳಲ್ಲಿ ಗುಳ್ಳೆ ಇರುವವರು ನೂರಕ್ಕೆ ಹತ್ತು ದಾಟಿದರೆ ಕನಿಷ್ಠ ಮೂರು ವರ್ಷ, ಮೂವತ್ತು ದಾಟಿದರೆ ಐದು ವರ್ಷ. ಆಮೇಲೆ ಮತ್ತೆ ಸಮೀಕ್ಷೆ.

ಬಹಳಷ್ಟು ಕಡೆ ಇದು ಕೆಲಸ ಮಾಡಿತು. ಕೆಲವು ಕಡೆ ಮಾಡಲಿಲ್ಲ. ಇಥಿಯೋಪಿಯಾದ ಅಮ್ಹಾರಾ ಪ್ರದೇಶದಲ್ಲಿ ವರ್ಷಗಟ್ಟಲೆ ಎಲ್ಲರಿಗೂ ಗುಳಿಗೆ ಹಂಚಿದರು. ಸೋಂಕು ಇಳಿಯಿತು, ಆದರೆ ಹಲವು ಜಿಲ್ಲೆಗಳಲ್ಲಿ ಗುರಿಯ ಹತ್ತಿರಕ್ಕೂ ಬರಲಿಲ್ಲ. ಕೆಲವು ಕಡೆ ಇಳಿದದ್ದು ಮತ್ತೆ ಏರಿತು. ಸಮಾಧಾನದ ಸಂಗತಿ ಅಂದರೆ ಟ್ರಕೋಮಾದ ಬ್ಯಾಕ್ಟೀರಿಯಾ ಈ ಔಷಧಿಗೆ ಇನ್ನೂ ಬಗ್ಗದಂತಾಗಿಲ್ಲ. ಔಷಧಿ ಸೋತದ್ದಲ್ಲ ಇದು. ಎರಡು ಸುತ್ತಿನ ನಡುವಿನ ಹನ್ನೆರಡು ತಿಂಗಳಲ್ಲಿ ಸೋಂಕು ಮತ್ತೆ ಹರಡುವಷ್ಟು ದಾರಿಗಳು ಆ ಊರುಗಳಲ್ಲಿ ತೆರೆದಿವೆ. ಹಾಗಾಗಿ ಅಂಥ ಕಡೆ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ, ಅಥವಾ ಮಕ್ಕಳಿಗೆ ಮಾತ್ರ ಹೆಚ್ಚು ಸಲ ಕೊಡುವುದನ್ನು ಪರೀಕ್ಷಿಸುತ್ತಿದ್ದಾರೆ. ಇದಕ್ಕೂ ಒಂದು ಬೆಲೆ ಇದೆ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದಂಥ ಬೇರೆ ರೋಗಾಣುಗಳು ಈ ಔಷಧಿಗೆ ನಿಧಾನವಾಗಿ ಒಗ್ಗಿಕೊಳ್ಳುತ್ತವೆ. ಗುಳಿಗೆಯನ್ನು ಎಷ್ಟು ವರ್ಷ ಬೇಕಾದರೂ ಕೊಡುತ್ತಾ ಹೋಗಬಹುದು ಅನ್ನುವ ಯೋಚನೆ ನನಗೆ ಸರಿ ಕಾಣುವುದಿಲ್ಲ.

ನೊಣ, ನೀರು, ಮತ್ತು ಒಂದು ಕಹಿ ಫಲಿತಾಂಶ

ಹಾಗಾದರೆ ದಾರಿ ಮುಚ್ಚುವುದು ಹೇಗೆ? ಗ್ಯಾಂಬಿಯಾದಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ವಿಷಯದಲ್ಲಿ ನನಗೆ ಯಾವಾಗಲೂ ನೆನಪಾಗುತ್ತದೆ. ಕೆಲವು ಊರುಗಳಲ್ಲಿ ನೊಣಕ್ಕೆ ಔಷಧಿ ಸಿಂಪಡಿಸಿದರು. ಕೆಲವು ಊರುಗಳಲ್ಲಿ ಶೌಚಾಲಯ ಕಟ್ಟಿಸಿದರು. ಉಳಿದ ಊರುಗಳನ್ನು ಇದ್ದಂತೆ ಬಿಟ್ಟರು. ಸಿಂಪಡಿಸಿದ ಕಡೆ ಮಕ್ಕಳ ಕಣ್ಣಿನ ಮೇಲೆ ಕೂರುವ ನೊಣ ನೂರಕ್ಕೆ 88 ಕಡಿಮೆಯಾಯಿತು. ಶೌಚಾಲಯ ಕಟ್ಟಿದ ಕಡೆ ನೂರಕ್ಕೆ 30. ಬರೀ ಗುಂಡಿ ತೋಡಿದ್ದಕ್ಕೆ ಮೂರನೇ ಒಂದು ಭಾಗದಷ್ಟು ನೊಣ ಕಡಿಮೆ! ಕಾರಣ ಇಷ್ಟೇ: ಮಸ್ಕಾ ಸಾರ್ಬೆನ್ಸ್ ಮೊಟ್ಟೆ ಇಡಲು ಬಯಲಲ್ಲಿ ಬಿದ್ದ ಮನುಷ್ಯನ ಮಲ ಹುಡುಕುತ್ತದೆ. ಗುಂಡಿಯೊಳಗಿನದು ಅದಕ್ಕೆ ಬೇಡ. ಮಲ ಗುಂಡಿಗೆ ಹೋದರೆ ಅದರ ತೊಟ್ಟಿಲೇ ಇಲ್ಲವಾಗುತ್ತದೆ.

ಇದನ್ನು ಓದಿ ಶೌಚಾಲಯ, ನೀರು, ಸಾಬೂನು ಕೊಟ್ಟುಬಿಟ್ಟರೆ ಟ್ರಕೋಮಾ ಮುಗಿಯಿತು ಅನ್ನಿಸುತ್ತದೆ. ಅಷ್ಟು ಸುಲಭವಿಲ್ಲ. ಅಮ್ಹಾರಾದಲ್ಲೇ ಮುಂದೆ ಒಂದು ದೊಡ್ಡ ಪ್ರಯೋಗ ನಡೆಯಿತು. ಕೆಲವು ಪ್ರದೇಶಗಳಿಗೆ ನೀರಿನ ವ್ಯವಸ್ಥೆ, ಶೌಚಾಲಯ ಕಟ್ಟಲು ಪ್ರೋತ್ಸಾಹ, ಮುಖ ತೊಳೆಯುವ ಬಗ್ಗೆ ಮನೆಮನೆ ಪ್ರಚಾರ, ಎಲ್ಲ ಸೇರಿಸಿ ಕೊಟ್ಟರು. ಮೂರು ವರ್ಷದ ನಂತರ ಮಕ್ಕಳ ಕಣ್ಣಿನ ಸೋಂಕನ್ನು ಪ್ರಯೋಗಾಲಯದಲ್ಲಿ ಅಳೆದರು. ಕೊಟ್ಟ ಕಡೆಗೂ ಕೊಡದ ಕಡೆಗೂ ಗಮನಿಸುವಂಥ ವ್ಯತ್ಯಾಸ ಸಿಗಲಿಲ್ಲ.

ಈ ಫಲಿತಾಂಶ ಇಟ್ಟುಕೊಂಡು ನೀರು ಶೌಚಾಲಯ ವ್ಯರ್ಥ ಅನ್ನುವುದು ದುಡುಕು. ಐರೋಪ್ಯ ದೇಶಗಳಲ್ಲೂ ಹಿಂದೆ ಟ್ರಕೋಮಾ ಇತ್ತು. ಅಲ್ಲಿಂದ ವಲಸೆ ಬಂದು ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದವರ ರೆಪ್ಪೆಯನ್ನು, ಬಟ್ಟೆಯ ಗುಂಡಿ ಹಾಕುವ ಕೊಕ್ಕೆಯಿಂದ ಮಗುಚಿ ನೋಡುತ್ತಿದ್ದರು, ಟ್ರಕೋಮಾ ಕಂಡರೆ ಬಂದ ದಾರಿಯಲ್ಲೇ ವಾಪಸ್. ಅಂಥ ಕಡೆಗಳಲ್ಲಿ ಅದು ಅಜಿತ್ರೊಮೈಸಿನ್ ಹುಟ್ಟುವ ಮೊದಲೇ ಮಾಯವಾಯಿತು. ಮನೆಯೊಳಗೇ ನೀರು ಬಂತು, ಪ್ರತಿಯೊಬ್ಬರಿಗೂ ಬೇರೆ ಹಾಸಿಗೆ, ಬೇರೆ ಟವೆಲ್ ಬಂತು. ಊರಿಗೊಂದು ಬೋರ್‌ವೆಲ್ ಹಾಕುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಅರ್ಧ ಗಂಟೆ ನಡೆದು ಹೊತ್ತು ತಂದ ಒಂದು ಕೊಡ ನೀರಿನಲ್ಲಿ ಅಡುಗೆ, ಕುಡಿಯುವುದು, ಕರುವಿಗೆ ಕುಡಿಸುವುದು ಆದ ಮೇಲೆ ಮಗುವಿನ ಮುಖಕ್ಕೆ ಎಷ್ಟು ಉಳಿಯುತ್ತದೆ? ಮುಖ ತೊಳೆಯಲು ನಿಜಕ್ಕೂ ಬೇಕಾಗುವುದು ಒಂದೆರಡು ಬೊಗಸೆ. ಅದನ್ನು ದಿನವೂ, ಎಲ್ಲ ಮಕ್ಕಳಿಗೂ, ವರ್ಷಗಟ್ಟಲೆ ಮಾಡಬೇಕು. ಮೂರು ವರ್ಷದ ಪ್ರಚಾರದಿಂದ ಆ ಅಭ್ಯಾಸ ಬೇರು ಬಿಡಲಿಲ್ಲ ಅನ್ನುವುದಷ್ಟೇ ಆ ಪ್ರಯೋಗ ನಮಗೆ ಹೇಳುತ್ತಿರುವುದು ಅಂತ ನನ್ನ ಓದು.

ಪ್ರಮಾಣಪತ್ರ ಬಂದ ಮೇಲೆ

ಈಗ ಮತ್ತೆ ಆ ಕೂದಲಿನ ವಿಷಯಕ್ಕೆ ಬರೋಣ. ನಿವಾರಣೆ ಆಯಿತು ಅನ್ನಲು ಮೂರು ಷರತ್ತು. ಒಂದು, ಪ್ರತಿ ಜಿಲ್ಲೆಯಲ್ಲೂ 1ರಿಂದ 9 ವರ್ಷದ ಮಕ್ಕಳಲ್ಲಿ ಸಕ್ರಿಯ ಟ್ರಕೋಮಾ ನೂರಕ್ಕೆ ಐದಕ್ಕಿಂತ ಕಡಿಮೆ. ಎರಡು, 15 ದಾಟಿದವರಲ್ಲಿ ಕೂದಲು ಒಳಗೆ ತಿರುಗಿದ್ದು ಆರೋಗ್ಯ ಇಲಾಖೆಗೆ ಗೊತ್ತಿಲ್ಲದವರು ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಮೂರು, ಮುಂದೆ ಬರುವ ಹೊಸ ರೋಗಿಗಳನ್ನು ಗುರುತಿಸಿ ಚಿಕಿತ್ಸೆ ಕೊಡುವ ವ್ಯವಸ್ಥೆ ಇರಬೇಕು.

ಎರಡನೆಯದನ್ನು ಬಿಡಿಸಿ ನೋಡಿ. ಎರಡು ಲಕ್ಷ ಜನರ ಒಂದು ಜಿಲ್ಲೆ. ಅದರಲ್ಲಿ 15 ದಾಟಿದವರು 1,20,000 ಅನ್ನೋಣ. ಸಾವಿರಕ್ಕೆ ಎರಡು ಅಂದರೆ 240 ಜನ. ಯಾರ ಪಟ್ಟಿಯಲ್ಲೂ ಇಲ್ಲದ 239 ಜನ ಅಲ್ಲಿ ಇದ್ದರೂ ಆ ಜಿಲ್ಲೆ ಪಾಸು. "ಗೊತ್ತಿಲ್ಲದವರು" ಅನ್ನುವ ಪದವನ್ನೂ ಗಮನಿಸಿ. ಆಪರೇಷನ್ ಹೇಳಿದರೂ ಬೇಡ ಅಂದವರು, ಆಪರೇಷನ್ ಆಗಿ ಮತ್ತೆ ಕೂದಲು ತಿರುಗಿದವರು "ಗೊತ್ತಿರುವವರು". ಅವರು ಈ ಲೆಕ್ಕಕ್ಕೇ ಬರುವುದಿಲ್ಲ. ನಿಯಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಆದರೆ ಆ ಗೆರೆಯ ಕೆಳಗೆ ನಿಂತವರ ಕಣ್ಣಿಗೆ ಪ್ರಮಾಣಪತ್ರದಿಂದ ಏನೂ ಆಗುವುದಿಲ್ಲ.

ಈ ಜನರನ್ನು ಹುಡುಕುವುದು ಕಷ್ಟ. ಅವರು ಆಸ್ಪತ್ರೆಗೆ ಬರುವುದಿಲ್ಲ. ಬೆಳಕಿಗೆ ಕಣ್ಣು ಬಿಡಲಾಗದೆ ಮನೆಯೊಳಗೇ ಇರುತ್ತಾರೆ, ಇಲ್ಲವೇ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಓಡಾಡುತ್ತಾರೆ. ಎಷ್ಟೋ ಜನ ಕೂದಲನ್ನು ಚಿಮಟದಿಂದ ಕಿತ್ತುಕೊಳ್ಳುತ್ತಿರುತ್ತಾರೆ. ಹಾಗಾಗಿ ಪರೀಕ್ಷೆ ಮಾಡುವ ದಿನ ಕಣ್ಣಿಗೆ ತಾಗುವ ಕೂದಲೇ ಕಾಣದೇ ಹೋಗಬಹುದು. ಅನುಭವಸ್ಥ ಕಾರ್ಯಕರ್ತೆ ಅದಕ್ಕೇ ಕೂದಲು ಇದೆಯಾ ಅಂತ ನೋಡಿ ಬಿಡುವುದಿಲ್ಲ. ಕೂದಲು ಇಲ್ಲದ ಖಾಲಿ ಜಾಗ, ಮುರಿದ ಮೊಂಡು ತುದಿ ಇವೆಯಾ ನೋಡುತ್ತಾಳೆ. "ಅಮ್ಮಾ, ಕೂದಲು ಕೀಳ್ತೀರಾ? ಯಾರು ಕಿತ್ತು ಕೊಡ್ತಾರೆ?" ಅಂತ ಕೇಳುತ್ತಾಳೆ. ಇತ್ತೀಚೆಗೆ ಕಿತ್ತ ಗುರುತು ಇದ್ದರೂ ಅದನ್ನು ರೋಗ ಅಂತಲೇ ಎಣಿಸಬೇಕು ಅನ್ನುವುದು ನಿಯಮ.

ಕೀಳುವುದರ ಬಗ್ಗೆ ಎರಡು ಮಾತು. ಸರಿಯಾದ ಚಿಮಟ, ಹತ್ತಿರದ ದೃಷ್ಟಿ ಚೆನ್ನಾಗಿರುವ ಒಬ್ಬರ ಸಹಾಯ ಇದ್ದರೆ, ಐದಾರು ಕೂದಲಷ್ಟೇ ತಿರುಗಿದವರಿಗೆ ಅದು ತಕ್ಕಮಟ್ಟಿಗೆ ರಕ್ಷಣೆ ಕೊಡುತ್ತದೆ. ಇಥಿಯೋಪಿಯಾದಲ್ಲಿ ಅಂಥವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಒಳ್ಳೆ ಚಿಮಟ ಮತ್ತು ತರಬೇತಿ ಕೊಟ್ಟು ಎರಡು ವರ್ಷ ಗಮನಿಸಿದರು. ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಆದರೆ ಉಗುರಿನಿಂದಲೋ ಮೊಂಡು ಚಿಮಟದಿಂದಲೋ ಕಿತ್ತರೆ ಕೂದಲು ಅರ್ಧಕ್ಕೆ ಮುರಿಯುತ್ತದೆ. ಉಳಿದ ಗಟ್ಟಿ ಮೊಂಡು ಪೂರ್ತಿ ಕೂದಲಿಗಿಂತ ಕೆಟ್ಟದಾಗಿ ಗೀರುತ್ತದೆ. ಕೂದಲು ಹೆಚ್ಚು ತಿರುಗಿದ್ದರೆ ಆಪರೇಷನ್ನೇ ದಾರಿ.

ಆಪರೇಷನ್ ಚಿಕ್ಕದು. ರೆಪ್ಪೆಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಂಚಿನಿಂದ ಸುಮಾರು ಮೂರು ಮಿಲಿಮೀಟರ್ ಮೇಲೆ ಆ ಗಟ್ಟಿ ಹಾಳೆಯನ್ನು ಅಡ್ಡಕ್ಕೆ ಕೊಯ್ಯುತ್ತಾರೆ. ಅಂಚನ್ನು ಹೊರಕ್ಕೆ ತಿರುಗಿಸಿ ಹೊಲಿಯುತ್ತಾರೆ. ತರಬೇತಿ ಪಡೆದ ನರ್ಸ್‌ಗಳು ಊರಿನ ಆರೋಗ್ಯ ಕೇಂದ್ರದಲ್ಲೇ ಮಾಡುತ್ತಾರೆ. ಅದೇ ದಿನ ಮನೆಗೆ. ಇದು ಹೋದ ದೃಷ್ಟಿಯನ್ನು ತರುವುದಿಲ್ಲ. ಉಳಿದದ್ದನ್ನು ಕಾಯುತ್ತದೆ, ನೋವನ್ನು ನಿಲ್ಲಿಸುತ್ತದೆ.

ಎಡವುವುದು ಎಲ್ಲಿ ಅಂದರೆ, ಕೂದಲು ಮತ್ತೆ ತಿರುಗುವುದು. ಅಧ್ಯಯನದಿಂದ ಅಧ್ಯಯನಕ್ಕೆ ಈ ಪ್ರಮಾಣ ನೂರಕ್ಕೆ 10ರಿಂದ 60ರ ತನಕ ಏರಿಳಿದಿದೆ. ಇಷ್ಟು ಅಂತರ ಬರಲು ಒಂದು ಮುಖ್ಯ ಕಾರಣ ಕೈಚಳಕ. ಕೊಯ್ದ ಗೆರೆ ರೆಪ್ಪೆಯ ಎರಡೂ ತುದಿಗೆ ಮುಟ್ಟದಿದ್ದರೆ ಮೂಲೆಯ ಕೂದಲು ಒಳಗೇ ಉಳಿಯುತ್ತದೆ. ಹೊಲಿಗೆ ಸಡಿಲವಾದರೆ ಅಂಚು ಸಾಕಷ್ಟು ಹೊರಳುವುದಿಲ್ಲ. ಬಿಗಿಯಾದರೆ ರೆಪ್ಪೆ ಸೊಟ್ಟಗಾಗುತ್ತದೆ, ಅದನ್ನು ನೋಡಿದ ಅಕ್ಕಪಕ್ಕದವರು ಆಪರೇಷನ್ ಬೇಡ ಅನ್ನುತ್ತಾರೆ. ಶಿಬಿರದಲ್ಲಿ ಎಷ್ಟು ಆಪರೇಷನ್ ಆಯಿತು ಅಂತ ಎಣಿಸುವುದು ಸುಲಭ. ಆರು ತಿಂಗಳ ಮೇಲೆ ಎಷ್ಟು ರೆಪ್ಪೆ ಸರಿಯಾಗಿ ನಿಂತಿವೆ ಅಂತ ಎಣಿಸಲು ಯಾರಾದರೂ ಮತ್ತೆ ಆ ಊರಿಗೆ ಹೋಗಬೇಕು. ಆಪರೇಷನ್ನಿನ ಮರುದಿನ ಪಟ್ಟಿ ಬಿಚ್ಚಿ ನೋಡಬೇಕು, ಒಂದೆರಡು ವಾರಕ್ಕೆ ಗಾಯ ನೋಡಬೇಕು, ಮೂರರಿಂದ ಆರು ತಿಂಗಳ ನಡುವೆ ಇನ್ನೊಮ್ಮೆ ನೋಡಬೇಕು. ಈ ಮೂರನೆಯ ಭೇಟಿಯೇ ಹೆಚ್ಚಾಗಿ ತಪ್ಪಿಹೋಗುವುದು. ರೋಗಿಗೆ ನೋವು ಹೋಗಿರುತ್ತದೆ, ಬರಬೇಕು ಅನ್ನಿಸುವುದಿಲ್ಲ. ತಂಡ ಮುಂದಿನ ಜಿಲ್ಲೆಗೆ ಹೋಗಿರುತ್ತದೆ. ಆ ಭೇಟಿಯಲ್ಲಿ ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಆಕೆಯನ್ನು ಬಾಗಿಲ ಬೆಳಕಿಗೆ ಕೂರಿಸಿ, ನೇರ ನೋಡಲು ಹೇಳಿ, ಟಾರ್ಚ್ ಹಿಡಿದು ಒಂದೊಂದೇ ಕೂದಲು ಎತ್ತ ತಿರುಗಿದೆ ಅಂತ ನೋಡುವುದು. ಒಂದೇ ಒಂದು ಕೂದಲು ಕಣ್ಣಿಗೆ ತಾಗುತ್ತಿದ್ದರೂ ಅವಳ ಹೆಸರನ್ನು ಪಟ್ಟಿಯಲ್ಲಿ ಮತ್ತೆ ಬರೆದುಕೊಳ್ಳುವುದು.